ಅನಂತದ ಮೊಗ್ಗು ಅರಳುವ ಮೊದಲೇ ಉದುರುತ್ತಿದೆ, ಟ್ಯಾಂಕರ್ ನೀರಿನ ತೊಂದರೆಯೇ?

ಸುಮಾ, ವಾಕಡ್ (ಏಪ್ರಿಲ್)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಇಲ್ಲೇ ಪುಣೆಯ ಒಂದು ನರ್ಸರಿಯಿಂದ ಗಾರ್ಡೇನಿಯಾ ಗಿಡ ತಂದೆ. ಇಲ್ಲಿನವರು ಅನಂತ ಅನ್ನುತ್ತಾರಲ್ಲ, ಅದೇ. ತಂದಾಗ ಎಲೆ ಕಡು ಹಸಿರು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಫೆಬ್ರವರಿ ಕೊನೆಯಿಂದ ಮೊಗ್ಗು ಬರುತ್ತಿದೆ, ಆದರೆ ಹುರುಳಿಕಾಳಿನಷ್ಟಾದಾಗಲೋ, ಬೆರಳಿನ ಗೆಣ್ಣಿನಷ್ಟಾದಾಗಲೋ ತೊಟ್ಟು ಹಳದಿಯಾಗಿ ಬಿದ್ದುಹೋಗುತ್ತದೆ. ಮುಟ್ಟಿದರೆ ಸಾಕು, ಕೈಗೆ ಬರುತ್ತದೆ. ಇಷ್ಟು ದಿನದಲ್ಲಿ ಒಂದು ಹೂವನ್ನೂ ನೋಡಿಲ್ಲ.

ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ, ಹನ್ನೊಂದು ಗಂಟೆವರೆಗೆ ಬಿಸಿಲು. 14 ಇಂಚಿನ ಪ್ಲಾಸ್ಟಿಕ್ ಕುಂಡ. ದಿನಕ್ಕೆ ಒಂದು ಲೀಟರ್ ನೀರು. ನಮ್ಮ ಸೊಸೈಟಿಯಲ್ಲಿ ಈಗ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಮಾತ್ರ, ಕಾರ್ಪೊರೇಶನ್ ನೀರು ಅಡುಗೆಮನೆ ನಲ್ಲಿಗೆ ಅಷ್ಟೇ. ನರ್ಸರಿಯವರು ಹೇಳಿದರು ಅಂತ ತಿಂಗಳಿಗೊಮ್ಮೆ ಎಲುಬಿನ ಪುಡಿ, ಮೊಟ್ಟೆ ಸಿಪ್ಪೆ ಹಾಕುತ್ತಿದ್ದೇನೆ. ಶಿರಸಿಯಲ್ಲಿ ಅಮ್ಮನ ಅಂಗಳದಲ್ಲಿ ಇದೇ ಗಿಡಕ್ಕೆ ಯಾರೂ ಏನೂ ಮಾಡುವುದಿಲ್ಲ, ಆದರೂ ಮೈತುಂಬ ಹೂವು. ಇಲ್ಲಿ ಏನಾಗಿದೆ?

ಪ್ರಕಾಶ್ ಪಿಂಪ್ರಿ

ಮೇಡಂ, ಟಿಡಿಎಸ್ ನೋಡಿ. ಎಲ್ಲಾ ಅದರಲ್ಲೇ ಗೊತ್ತಾಗುತ್ತದೆ. 500 ದಾಟಿದ್ದರೆ ಗಿಡಕ್ಕೆ ಆಗಿಬರುವುದಿಲ್ಲ. ಸೊಸೈಟಿಯವರಿಗೆ ಹೇಳಿ ಸಾಫ್ಟ್‌ನರ್ ಹಾಕಿಸಿ. ನಮ್ಮಲ್ಲಿ ಹಾಕಿಸಿದ ಮೇಲೆ ಬಕೆಟ್, ನಲ್ಲಿಗೆ ಬಿಳಿ ಕಟ್ಟುವುದು ನಿಂತಿದೆ. ಗಡಸು ನೀರಿನ ಸಮಸ್ಯೆಗೆ ಅದೇ ಪರಿಹಾರ.

ವಸಂತಿ ಅಕ್ಕ, ಮಾಟುಂಗಾ

ಸುಮಾ, ಸುಮ್ನೆ ಹುಳಿ ಮಜ್ಜಿಗೆ ಹಾಕು. ನಾನು ಕರಿಬೇವಿಗೆ ವಾರಕ್ಕೊಂದು ಲೋಟ ಹಾಕುತ್ತೇನೆ, ಎಲೆ ಹಳದಿಯಾಗಿದ್ದದ್ದು ಹಸಿರಾಗಿದೆ. ಕಾಫಿ ಚರಟವೂ ಒಳ್ಳೆಯದು, ಎಸೆಯಬೇಡ. ಮೊಗ್ಗು ಉದುರುವುದು ದೃಷ್ಟಿಯಿಂದಲೂ ಇರುತ್ತದೆ. ಬಾಗಿಲ ಎದುರು ಇಡಬೇಡ.

ಗುರುರಾಜ, ಹಡಪ್ಸರ್

ಸುಮಾ ಅವರೇ, ಔಷಧಿ ಹಾಕುವ ಮೊದಲು ನಾಲ್ಕು ವಿಷಯ ನೋಡಿ ಹೇಳಿ. ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಈ ಗಿಡದ ಮೊಗ್ಗು ಉದುರಲು ಒಂದೇ ಕಾರಣ ಇರುವುದಿಲ್ಲ, ಹಾಗಾಗಿ ಕೇಳುತ್ತಿದ್ದೇನೆ.

ಮೊದಲು, ಹಳದಿಯಾಗಿರುವುದು ತುದಿಯ ಚಿಗುರೆಲೆಯೋ, ಕೆಳಗಿನ ಹಳೇ ಎಲೆಯೋ? ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿ ಬಲೆಯ ಹಾಗೆ ಕಂಡರೆ ಅದು ಕಬ್ಬಿಣದ ಕೊರತೆ. ಕೆಳಗಿನ ಎಲೆ ಹಳದಿಯಾಗಿ ಬಿದ್ದರೆ ವಿಷಯ ಬೇರೆ.

ಎರಡು, ಈಗ ತಾನೇ ಬಿದ್ದ ಒಂದು ಮೊಗ್ಗನ್ನು ಉಗುರಿನಿಂದ ಸೀಳಿ ಬಿಳಿ ಕಾಗದದ ಮೇಲೆ ಕೊಡವಿ. ಕಡ್ಡಿಯ ಚೂರಿನ ಹಾಗಿರುವ ಸಣ್ಣ ಹುಳ ಓಡಿದರೆ ಥ್ರಿಪ್ಸ್. ಒಳಗಿನ ಎಸಳು ಕಂದಾಗಿ ಕೊಳೆತಿದ್ದರೂ ಹೇಳಿ.

ಮೂರು, ಕುಂಡದ ಒಳಗಿನಿಂದ ಒಂದು ಚಮಚ ಮಣ್ಣು ತೆಗೆದು ಒಣಗಿಸಿ, ಪುಡಿ ಮಾಡಿ, ಅದರ ಮೇಲೆ ಬಿಳಿ ವಿನೆಗರ್ ಸುರಿದು ಕಿವಿಯ ಹತ್ತಿರ ಹಿಡಿಯಿರಿ. ಚುಸ್ ಅನ್ನುತ್ತದೆಯೇ?

ನಾಲ್ಕನೆಯದು ನೀರು. ಟಿಡಿಎಸ್ ಮೀಟರ್ ಬೇಡ. ಅಕ್ವೇರಿಯಂ ಅಂಗಡಿಯಲ್ಲಿ ನೀರಿನ ಬೈಕಾರ್ಬೊನೇಟ್ ಅಳೆಯುವ ಕೆಎಚ್ ಟೆಸ್ಟ್ ಕಿಟ್ ಸಿಗುತ್ತದೆ. 5 ಎಂಎಲ್ ನೀರಿಗೆ ಹನಿ ಹನಿಯಾಗಿ ಬಿಟ್ಟು ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಎಣಿಸಬೇಕು. ಎಷ್ಟು ಹನಿ ಅಂತ ತಿಳಿಸಿ.

ಪ್ರಕಾಶ್ ಅವರೇ, ಸಾಫ್ಟ್‌ನರ್ ಬಗ್ಗೆ ನೀವು ಹೇಳಿದ್ದು ನಲ್ಲಿಗೆ ಸರಿ, ಗಿಡಕ್ಕೆ ಅಲ್ಲ. ಉಪ್ಪು ಹಾಕುವ ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಆ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಮಣ್ಣಿನ ಹುಳಿಯನ್ನು ತಿನ್ನುವುದು ಬೈಕಾರ್ಬೊನೇಟ್, ಅದು ಹಾಗೇ ಉಳಿದಿರುತ್ತದೆ. ಮೇಲಿಂದ ಸೋಡಿಯಂ ಬೇರೆ. ಅಂಥ ನೀರನ್ನು ಕುಂಡಕ್ಕೆ ಹಾಕಲೇಬಾರದು. ಸಾಫ್ಟ್‌ನರ್‌ಗೆ ಹೋಗುವ ಮೊದಲಿನ ಪೈಪಿನಿಂದ ನೀರು ಸಿಕ್ಕರೆ ಅದೇ ವಾಸಿ. ಟಿಡಿಎಸ್ ಅಂದರೆ ಕರಗಿದ ಎಲ್ಲದರ ಲೆಕ್ಕ. ಅದರಲ್ಲಿ ಬೈಕಾರ್ಬೊನೇಟ್ ಎಷ್ಟು ಅಂತ ಅದು ಹೇಳುವುದಿಲ್ಲ.

ನಾಗವೇಣಿ, ಫೋಂಡಾ

ನಾವು ಕಾರವಾರದ ಕಡೆಯವರು, ಈಗ ಗೋವಾದಲ್ಲಿ. ಇಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು, ಬಾವಿ ನೀರು. ಅನಂತ ಬೇಲಿಯ ಹಾಗೆ ಬೆಳೆಯುತ್ತದೆ. ವರ್ಷಕ್ಕೊಮ್ಮೆ ತರಗೆಲೆ ಮುಚ್ಚುತ್ತೇವೆ, ಅಷ್ಟೇ. ನಿಮ್ಮ ಶಿರಸಿಯದೂ ಇದೇ ಕಥೆ ಅಲ್ವಾ? ಮಣ್ಣೇ ಹುಳಿ. ಪುಣೆಯಲ್ಲಿ ಇಟ್ಟುಕೊಂಡು ಕಷ್ಟಪಡುವುದಕ್ಕಿಂತ ದುಂಡುಮಲ್ಲಿಗೆ ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ಸುಮಾ, ವಾಕಡ್

ಗುರುರಾಜ ಸರ್, ನೋಡಿದೆ. ಹಳದಿಯಾಗಿರುವುದು ಚಿಗುರೆಲೆಯೇ. ತುದಿಯ ನಾಲ್ಕೈದು ಜೋಡಿ ಎಲೆ ನಿಂಬೆ ಬಣ್ಣ, ನರ ಮಾತ್ರ ಹಸಿರು. ಕೆಳಗಿನವು ಚೆನ್ನಾಗಿವೆ. ಮೊಗ್ಗು ಸೀಳಿದೆ, ಹುಳ ಇಲ್ಲ. ಒಳಗೆ ಎಸಳು ಸುರುಳಿ ಸುತ್ತಿಕೊಂಡು ತಿಳಿ ಹಸಿರಾಗಿ ಚೆನ್ನಾಗೇ ಇತ್ತು. ತೊಟ್ಟಿನ ಬುಡ ಮಾತ್ರ ಹಳದಿ, ಕತ್ತರಿಸಿದ ಹಾಗೆ ನಯವಾಗಿ ಬಿಟ್ಟುಕೊಂಡಿತ್ತು.

ವಿನೆಗರ್ ಹಾಕಿದಾಗ ನೊರೆ ಬಂತು! ಕುಂಡದ ಮೇಲಿನ ಮಣ್ಣಿಗೆ ಸ್ವಲ್ಪ, ಬೇರಿನ ಹತ್ತಿರದ ಕಪ್ಪು ಮುದ್ದೆಗೆ ಜಾಸ್ತಿ. ಆ ಮುದ್ದೆಯಲ್ಲಿ ಜೋಳದ ಕಾಳಿನಷ್ಟು ಬಿಳಿ ಹರಳುಗಳಿವೆ. ಕೆಎಚ್ ಕಿಟ್‌ನಲ್ಲಿ ಬಾಲ್ಕನಿ ನಲ್ಲಿಗೆ 17 ಹನಿ ಬೇಕಾಯಿತು. ಅಡುಗೆಮನೆಯ ನಲ್ಲಿಗೆ 4.

ಗುರುರಾಜ, ಹಡಪ್ಸರ್

ಎಷ್ಟು ಚೆನ್ನಾಗಿ ನೋಡಿದ್ದೀರಿ. ಈಗ ಲೆಕ್ಕ ಮಾಡೋಣ.

ಒಂದು ಹನಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಸುಣ್ಣದ ಕಲ್ಲಿಗೆ ಸಮ. 17 ಹನಿ ಅಂದರೆ 300. ನೀವು ದಿನಕ್ಕೆ ಒಂದು ಲೀಟರ್ ಹಾಕುತ್ತೀರಿ. ನೀರು ಆವಿಯಾಗಿ ಹೋಗುತ್ತದೆ, ಗಿಡ ಕುಡಿಯುತ್ತದೆ, ಸುಣ್ಣ ಕುಂಡದಲ್ಲೇ ಉಳಿಯುತ್ತದೆ. ತಿಂಗಳಿಗೆ 9 ಗ್ರಾಂ, ವರ್ಷಕ್ಕೆ 100 ಗ್ರಾಂಗೂ ಜಾಸ್ತಿ. ಕೆಳಗಿನ ತೂತಿನಿಂದ ಒಂದಿಷ್ಟು ಹರಿದುಹೋದರೂ ಉಳಿದದ್ದು ಕಡಿಮೆಯಲ್ಲ. ಗೊತ್ತಿಲ್ಲದೆ ವರ್ಷಕ್ಕೆ ಎರಡು ಹಿಡಿ ಸುಣ್ಣ ಹಾಕುತ್ತಿದ್ದೀರಿ ಅಂತಾಯಿತು. ಜೊತೆಗೆ ಮೊಟ್ಟೆ ಸಿಪ್ಪೆ, ಎಲುಬಿನ ಪುಡಿ. ಅವೆರಡನ್ನೂ ಇವತ್ತೇ ನಿಲ್ಲಿಸಿ. ಅವೂ ಸುಣ್ಣದ ಕಡೆಯವೇ. ಒಲೆ ಬೂದಿಯೂ ಬೇಡ.

ಬಿಳಿ ಹರಳು ಇನ್ನೂ ದೊಡ್ಡ ವಿಷಯ. ಇಲ್ಲಿನ ಕಪ್ಪು ಮಣ್ಣಿನಲ್ಲಿ ಸುಣ್ಣದ ಹರಳು ಸಹಜವಾಗಿ ಇರುತ್ತದೆ, ಕಂಕರ್ ಅನ್ನುತ್ತಾರೆ. ಅದು ಇರುವವರೆಗೆ ಮಣ್ಣಿನ ಪಿಎಚ್ 8ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀವು ಏನೇ ಹುಳಿ ಹಾಕಿ, ಮೊದಲು ಆ ಹರಳು ತಿನ್ನುತ್ತದೆ. ಅನಂತಕ್ಕೆ ಬೇಕಾದದ್ದು 5ರಿಂದ 6. ಕುಂಡದಲ್ಲಿ 15 ಕೆಜಿ ಮಣ್ಣಿದ್ದು, ಅದರಲ್ಲಿ ನೂರಕ್ಕೆ ಒಂದು ಭಾಗ ಸುಣ್ಣ ಇದ್ದರೂ 150 ಗ್ರಾಂ ಆಯಿತು. ಅದನ್ನು ಕರಗಿಸಲು ಸುಮಾರು 50 ಗ್ರಾಂ ಗಂಧಕ ಬೇಕು, ತಿಂಗಳುಗಟ್ಟಲೆ ಸಮಯವೂ ಬೇಕು. ಅಷ್ಟು ಗಂಧಕ ಒಮ್ಮೆಗೇ ಬಿದ್ದರೆ ಬೇರು ಸುಡುತ್ತದೆ. ನೊರೆ ಬರುವ ಮಣ್ಣನ್ನು ತಿದ್ದಲು ಹೋಗಬಾರದು, ಬದಲಿಸಬೇಕು ಅನ್ನುವುದು ಇದಕ್ಕೇ.

ಆದರೆ ಈಗ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಬೇರು ಕೆದಕಿದರೆ ಉಳಿದ ಮೊಗ್ಗೂ ಹೋಗುತ್ತದೆ, ಗಿಡವೂ ನಲುಗುತ್ತದೆ. ಮೊದಲ ಮಳೆ ಬಿದ್ದು ಹವೆ ತಂಪಾಗಲಿ. ಅಲ್ಲಿಯವರೆಗೆ ನೀರು ಬದಲಿಸಿ, ಕಬ್ಬಿಣ ಕೊಡಿ.

ನೀರಿಗೆ ಸುಲಭದ ದಾರಿ ಬೆರೆಸುವುದು. ಮನೆಯ ಆರ್‌ಒ ನೀರು ಮೂರು ಪಾಲು, ಟ್ಯಾಂಕರ್ ನೀರು ಒಂದು ಪಾಲು. 300 ಇದ್ದದ್ದು 75ಕ್ಕೆ ಇಳಿಯುತ್ತದೆ. ಬರೀ ಆರ್‌ಒ ಬೇಡ, ಗಿಡಕ್ಕೆ ಸ್ವಲ್ಪ ಕ್ಯಾಲ್ಸಿಯಂ ಬೇಕಲ್ಲ. ನಿಮ್ಮ ಅಡುಗೆಮನೆಯ ನೀರು 4 ಹನಿ ಅಂದರೆ ಅದೇ ಸುಮಾರು 70. ಅದರಲ್ಲಿ ದಿನಕ್ಕೊಂದು ಲೀಟರ್ ಸಿಗುವುದಾದರೆ ಬೆರೆಸುವ ಕೆಲಸವೇ ಬೇಡ.

ಕಬ್ಬಿಣಕ್ಕೆ ಅನ್ನಭೇದಿ ತಂದು ಸುರಿಯಬೇಡಿ. ಈ ಮಣ್ಣಿನಲ್ಲಿ ಅದು ಬೇಗನೆ ತುಕ್ಕಾಗಿ ಕೂರುತ್ತದೆ, ಬೇರಿಗೆ ಸಿಗುವುದಿಲ್ಲ. ಕೃಷಿ ಅಂಗಡಿಯಲ್ಲಿ ಕೀಲೇಟೆಡ್ ಐರನ್ ಕೇಳಿ, ಪ್ಯಾಕೆಟ್ ತಿರುಗಿಸಿ ಓದಿ. ಇಡಿಟಿಎ ಅಂತಿದ್ದರೆ ಪಿಎಚ್ ಆರೂವರೆ ದಾಟಿದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಇಡಿಡಿಎಚ್ಎ ಅಂತಿರಬೇಕು, ಅದು ಸುಣ್ಣದ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ನೀರಿಗೆ ಹಾಕಿದರೆ ಕೆಂಪು ದ್ರಾಕ್ಷಿ ರಸದ ಬಣ್ಣ ಬರುತ್ತದೆ. ಒಂದು ಲೀಟರಿಗೆ 1 ಗ್ರಾಂ, ಸಂಜೆ ಹೊತ್ತು ಬುಡಕ್ಕೆ, ತಿಂಗಳಿಗೊಮ್ಮೆ. ಬಟ್ಟೆಗೂ ಟೈಲ್ಸ್‌ಗೂ ಕಲೆ ಹತ್ತುತ್ತದೆ, ಜೋಪಾನ. ಈಗಾಗಲೇ ಹಳದಿಯಾದ ಎಲೆ ಪೂರ್ತಿ ತಿರುಗದೇ ಇರಬಹುದು. ಹೊಸ ಚಿಗುರು ಹಸಿರಾಗಿ ಬಂತೇ ಅಂತ ನೋಡಿ.

ಪ್ರಕಾಶ್ ಪಿಂಪ್ರಿ

ಸಾಫ್ಟ್‌ನರ್ ವಿಷಯ ಹೊಸದಾಗಿ ತಿಳಿಯಿತು. ಆದರೆ ನಾನೂ ಆರ್‌ಒ ನೀರನ್ನೇ ಗಿಡಕ್ಕೆ ಹಾಕುತ್ತೇನೆ. ಮಷೀನಿನ ಪಕ್ಕದ ಪೈಪಿನಿಂದ ಬಕೆಟ್‌ಗೆ ಬೀಳುವುದನ್ನು ವ್ಯರ್ಥ ಮಾಡುವುದು ಬೇಡ ಅಂತ. ನನ್ನ ಗುಲಾಬಿ ಎಲೆಯ ಅಂಚು ಸುಟ್ಟ ಹಾಗಾಗಿದೆ. ಆರ್‌ಒ ಒಳ್ಳೆಯದಾದರೆ ಇದೇಕೆ ಹೀಗೆ?

ಗುರುರಾಜ, ಹಡಪ್ಸರ್

ಅದು ಮಷೀನು ಹೊರಗೆ ಬಿಡುವ ನೀರು ಪ್ರಕಾಶ್ ಅವರೇ. ಕುಡಿಯುವ ಕಡೆಯಿಂದ ತೆಗೆದ ಉಪ್ಪು, ಸುಣ್ಣ ಎಲ್ಲ ಆ ಪೈಪಿನಲ್ಲೇ ಬರುತ್ತದೆ. ನಲ್ಲಿ ನೀರಿಗಿಂತ ಗಟ್ಟಿ. ನೆಲ ಒರೆಸಲು ಬಳಸಿ, ಕುಂಡಕ್ಕೆ ಬೇಡ. ನಾನು ಹೇಳಿದ್ದು ಕುಡಿಯುವ ನೀರು. ಗುಲಾಬಿ ಕುಂಡಕ್ಕೆ ಒಮ್ಮೆ ಒಳ್ಳೆಯ ನೀರನ್ನು ಕೆಳಗಿನಿಂದ ಚೆನ್ನಾಗಿ ಹರಿಯುವಷ್ಟು ಹಾಕಿ ತೊಳೆಯಿರಿ.

ವಸಂತಿ ಅಕ್ಕ, ಕರಿಬೇವಿನ ಎಲೆ ಹಸಿರಾಗಿದ್ದು ನಿಜವೇ ಇರಬೇಕು. ಮಜ್ಜಿಗೆಯ ಹುಳಿ ಬೇರಿನ ಸುತ್ತ ಕೆಲವು ದಿನ ಕಬ್ಬಿಣ ಸಿಗುವ ಹಾಗೆ ಮಾಡುತ್ತದೆ. ಆದರೆ ಮುಂಬೈಯಲ್ಲಿ ನಿಮಗೆ ಬರುವುದು ಭಾತ್ಸಾ, ತಾನ್ಸಾ, ವೈತರಣಾ ಕೆರೆಗಳ ಮೆದು ನೀರು. ಸುಣ್ಣದ ಹೊರೆಯೇ ಇಲ್ಲದ ಕಡೆ ಸ್ವಲ್ಪ ಹುಳಿ ಸಾಕಾಗುತ್ತದೆ. ವಾಕಡ್‌ನ ಈ ಕುಂಡಕ್ಕೆ ಅದು ಏನೂ ಸಾಲದು, ಮಜ್ಜಿಗೆ ಜಾಸ್ತಿಯಾದರೆ ನಾತ, ಇರುವೆ. ಕಾಫಿ ಚರಟದಲ್ಲಿ ಹುಳಿ ಹೆಚ್ಚು ಉಳಿದಿರುವುದಿಲ್ಲ, ಅದು ಲೋಟಕ್ಕೆ ಹೋಗಿರುತ್ತದೆ. ಗೊಬ್ಬರದ ಬುಟ್ಟಿಗೆ ಹಾಕಿ.

ವಸಂತಿ ಅಕ್ಕ, ಮಾಟುಂಗಾ

ಸರಿ, ಒಪ್ಪಿದೆ. ಆದರೆ ಒಂದು ಮಾತು. ನಮ್ಮ ಕೆಳಗಿನ ಮನೆಯವರ ಬಳಿ ಅನಂತ ಇದೆ. ಇದೇ ಮೆದು ನೀರು, ಎಲೆ ಕಡು ಹಸಿರು. ಆದರೂ ಮೇ ತಿಂಗಳಲ್ಲಿ ಮೊಗ್ಗೆಲ್ಲ ಉದುರುತ್ತದೆ. ಸುಣ್ಣ ಇಲ್ಲ ಅಂದಿರಲ್ಲ, ಅಲ್ಲಿ ಏಕೆ?

ಗುರುರಾಜ, ಹಡಪ್ಸರ್

ಒಳ್ಳೆಯ ಪ್ರಶ್ನೆ. ಈ ಗಿಡ ರಾತ್ರಿ ತಂಪು ಬೇಡುತ್ತದೆ. ರಾತ್ರಿ 16ರಿಂದ 18 ಡಿಗ್ರಿ ಇದ್ದಾಗ ಮೊಗ್ಗು ಚೆನ್ನಾಗಿ ಕಟ್ಟುತ್ತದೆ. ಬೆಚ್ಚನೆಯ ರಾತ್ರಿಗಳು ಸಾಲಾಗಿ ಬಂದರೆ ಕಟ್ಟಿದ ಮೊಗ್ಗನ್ನೂ ಬಿಡುತ್ತದೆ. ಮುಂಬೈಯ ಮೇ ತಿಂಗಳಲ್ಲಿ ಅಂಥ ತಂಪು ಎಲ್ಲಿ? ಪುಣೆಯಲ್ಲಿ ರಾತ್ರಿ ಸ್ವಲ್ಪ ವಾಸಿ, ಆದರೆ ಏಪ್ರಿಲ್ ಮಧ್ಯಾಹ್ನದ ಒಣ ಗಾಳಿ ಮೊಗ್ಗಿಗೆ ಆಗದು. ಒಂದು ದಿನ ಮಣ್ಣು ಒಣಗಿ ಮರುದಿನ ತುಂಬಿ ತುಳುಕಿದರೂ ಉದುರುತ್ತದೆ. ಹಾಗಾಗಿ ಸುಮಾ ಅವರ ಮೊಗ್ಗು ಬರೀ ಸುಣ್ಣದಿಂದಲೇ ಬಿತ್ತು ಅಂತ ನಾನು ಹೇಳಲಾರೆ. ಕಬ್ಬಿಣ ಸಿಗದೆ ಸೊರಗಿದ ಗಿಡ ಬಿಸಿಲಿಗೆ ಬೇಗ ಸೋಲುತ್ತದೆ ಅನ್ನುವುದಷ್ಟು ಖಂಡಿತ.

ರಾಘು, ಡೊಂಬಿವಲಿ

ಸಿಟ್ರಿಕ್ ಆಸಿಡ್ ಬಗ್ಗೆ ಯಾರೂ ಹೇಳಲಿಲ್ಲ? ಕಿರಾಣಿ ಅಂಗಡಿಯಲ್ಲಿ ನಿಂಬು ಫೂಲ್ ಅಂತ ಸಿಗುತ್ತದೆ. ನಮಗೆ ಬೋರ್ ನೀರು. 10 ಲೀಟರ್ ಬಕೆಟ್‌ಗೆ ಮಟ್ಟ ಮಾಡಿದ ಒಂದು ಟೀ ಚಮಚ ಹಾಕಿ ಅಜೇಲಿಯಾ, ಅನಂತ ಎರಡಕ್ಕೂ ಕೊಡುತ್ತೇನೆ. ವರ್ಷಗಳಿಂದ ಚೆನ್ನಾಗಿವೆ. ಪಟಿಕವೂ ಹಾಕಬಹುದು ಅಂತ ಕೇಳಿದ್ದೇನೆ.

ಗುರುರಾಜ, ಹಡಪ್ಸರ್

ಪಟಿಕ ಬೇಡ. ಹುಳಿ ಬರುತ್ತದೆ, ಜೊತೆಗೆ ಅಲ್ಯುಮಿನಿಯಂ ಬಂದು ಬೇರಿನ ತುದಿ ಕೆಡಿಸುತ್ತದೆ.

ಸಿಟ್ರಿಕ್ ಪ್ರಮಾಣ ನೀವು ಹೇಳಿದ್ದು 300ರ ನೀರಿಗೆ ಹತ್ತಿರ ಹತ್ತಿರ ಸರಿ. ಕಲಕಿದ ಕೂಡಲೇ ಪಿಎಚ್ ಹನಿ ಹಾಕಿ ನೋಡಿದರೆ 6ರ ಆಸುಪಾಸು ಬರಬೇಕು. ಇಲ್ಲಿ ಕೆಎಚ್ ಕಿಟ್ ನಂಬಬೇಡಿ, ಸಿಟ್ರಿಕ್ ಇದ್ದರೆ ಅದು ಜಾಸ್ತಿ ತೋರಿಸುತ್ತದೆ. ನನ್ನ ತಕರಾರು ಬೇರೆ. ಸಿಟ್ರೇಟನ್ನು ಮಣ್ಣಿನ ಜೀವಾಣುಗಳು ತಿನ್ನುತ್ತವೆ. ತಿಂದ ಮೇಲೆ ಅದೇ ಬೈಕಾರ್ಬೊನೇಟ್ ಮರಳಿ ಹುಟ್ಟುತ್ತದೆ. ವಿನೆಗರ್, ನಿಂಬೆ ರಸಕ್ಕೂ ಇದೇ ಹಣೆಬರಹ. ಅಂದರೆ ಹುಳಿ ಕೆಲವು ದಿನದ್ದು, ಸುಣ್ಣದ ಹೊರೆ ಕಳೆಯುವುದಿಲ್ಲ. ಗಂಧಕದಿಂದ ಹುಟ್ಟುವ ಹುಳಿ ಹಾಗೆ ಮಾಯವಾಗುವುದಿಲ್ಲ.

ರಾಘು, ಡೊಂಬಿವಲಿ

ಸರ್, ಪುಸ್ತಕದ ಲೆಕ್ಕ ಸರಿ ಇರಬಹುದು. ಆದರೆ ನನ್ನ ಗಿಡ ಹಸಿರಾಗಿದೆ, ಹೂ ಬಿಡುತ್ತಿದೆ. ಪ್ರತಿ ಸಲ ಹುಳಿ ನೀರು ಹೋಗುತ್ತಿದ್ದರೆ ಬೇರಿಗೆ ಸದಾ ಹುಳಿ ಸಿಗುತ್ತದಲ್ಲ? ಡೊಂಬಿವಲಿ ಮಳೆ ನಾಲ್ಕು ತಿಂಗಳು ಕುಂಡ ತೊಳೆಯುತ್ತದೆ. ನಾನಂತೂ ನಿಲ್ಲಿಸುವುದಿಲ್ಲ.

ಗುರುರಾಜ, ಹಡಪ್ಸರ್

ಮಳೆ ತೊಳೆಯುತ್ತದೆ ಅನ್ನುವುದು ಒಪ್ಪುವ ಮಾತು. ಮಳೆ ತಾಗದ ಬಾಲ್ಕನಿಯಲ್ಲಿ ಏನಾಗುತ್ತದೆ ಅನ್ನುವುದೇ ನನ್ನ ಅನುಮಾನ.

ಸುಮಾ, ವಾಕಡ್ (ಜೂನ್ ಕೊನೆ)

ಮಳೆ ಶುರುವಾಗಿದೆ. ಅಡುಗೆಮನೆ ನೀರು ಮತ್ತು ಇಡಿಡಿಎಚ್ಎ ಕೊಟ್ಟ ಮೇಲೆ ಬಂದ ಚಿಗುರು ಹಸಿರಾಗಿದೆ. ಮೊಗ್ಗು ಮಾತ್ರ ಮೇ ಪೂರ್ತಿ ಉದುರಿತು. ಎಸಿ ನೀರನ್ನೂ ಹಿಡಿಯಲು ನೋಡಿದೆ, ಇಲ್ಲಿನ ಒಣ ಹವೆಗೆ ಬಾಟಲಿ ತುಂಬುವುದೇ ಕಷ್ಟ. ಈಗ ಕುಂಡ ಬದಲಿಸುತ್ತೇನೆ. ಮಣ್ಣು ಹೇಗೆ ಮಾಡಲಿ?

ಗುರುರಾಜ, ಹಡಪ್ಸರ್

ಕೋಕೋಪೀಟ್ ನಾಲ್ಕು ಪಾಲು. ಮೊದಲು ಮಳೆನೀರಿನಲ್ಲಿ ಎರಡು ಮೂರು ಸಲ ನೆನೆಸಿ ಹಿಂಡಿ, ಅದರಲ್ಲಿ ಉಪ್ಪಿರುತ್ತದೆ. ಕೊಳೆತ ತರಗೆಲೆ ಮೂರು ಪಾಲು, ಕೆಂಪು ಮಣ್ಣು ಎರಡು, ಎರೆಗೊಬ್ಬರ ಒಂದು. ಕೆಂಪು ಮಣ್ಣಿಗೂ ವಿನೆಗರ್ ಹಾಕಿ ನೋಡಿ ಆಮೇಲೆ ದುಡ್ಡು ಕೊಡಿ. ಬಣ್ಣ ಕೆಂಪಿದ್ದ ಮಾತ್ರಕ್ಕೆ ಹುಳಿ ಮಣ್ಣಾಗುವುದಿಲ್ಲ. ಸಿಮೆಂಟ್ ಕುಂಡ ಬೇಡ, ಅದರಿಂದಲೂ ಸುಣ್ಣ ಇಳಿಯುತ್ತದೆ.

ಬೇರಿನ ಮುದ್ದೆಯನ್ನು ಪೂರ್ತಿ ತೊಳೆಯಬೇಡಿ. ಬೆರಳಿನಿಂದ ಹೊರಗಿನ ಮೂರನೇ ಒಂದು ಭಾಗ ಕಪ್ಪು ಮಣ್ಣನ್ನು ಮೆಲ್ಲಗೆ ಉದುರಿಸಿ, ಹರಳುಗಳನ್ನು ಆರಿಸಿ ತೆಗೆಯಿರಿ. ಉಳಿದದ್ದನ್ನು ಮುಂದಿನ ಮಳೆಗಾಲಕ್ಕೆ ನೋಡೋಣ.

ಗಂಧಕ: 80 ಪರ್ಸೆಂಟ್ ವೆಟೆಬಲ್ ಸಲ್ಫರ್ ಪುಡಿ. 1 ಗ್ರಾಂ ಗಂಧಕ ಸುಮಾರು 3 ಗ್ರಾಂ ಸುಣ್ಣವನ್ನು ಕಳೆಯುತ್ತದೆ. ಅಡುಗೆಮನೆ ನೀರಿನಿಂದ ತಿಂಗಳಿಗೆ 2 ಗ್ರಾಂ ಸುಣ್ಣ ಬರುತ್ತದೆ, ಒಳಗಿನ ಮುದ್ದೆಯಲ್ಲೂ ಸ್ವಲ್ಪ ಇದೆ. ಹಾಗಾಗಿ ತಿಂಗಳಿಗೆ 1 ಗ್ರಾಂ ಪುಡಿಯಿಂದ ಶುರು ಮಾಡಿ, ಮೇಲ್ಮಣ್ಣಿನಲ್ಲಿ ಕೆದಕಿ ಬೆರೆಸಿ. ಅದನ್ನು ಹುಳಿ ಮಾಡುವುದು ಬ್ಯಾಕ್ಟೀರಿಯಾ. ಅದಕ್ಕೆ ಬೆಚ್ಚಗಿನ, ಗಾಳಿಯಾಡುವ, ಹಸಿ ಮಣ್ಣು ಬೇಕು. ಡಿಸೆಂಬರ್ ಚಳಿಗೆ ನಿಧಾನವಾಗುತ್ತದೆ. ನೀರು ನಿಂತ ಕುಂಡದಲ್ಲಿ ಹುಳಿಯ ಬದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಬಂದರೆ ಗಂಧಕ ನಿಲ್ಲಿಸಿ ತೂತು ನೋಡಿ.

ಎರಡು ತಿಂಗಳಿಗೊಮ್ಮೆ ಪಿಎಚ್ ನೋಡಬೇಕು. ಚುಚ್ಚುವ ಅಗ್ಗದ ಮೀಟರ್ ನಂಬಬೇಡಿ. ಎಂದಿನಂತೆ ನೀರು ಹಾಕಿ ಒಂದು ಗಂಟೆ ಬಿಟ್ಟು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಲೋಟ ಮೇಲಿನಿಂದ ಸುರಿಯಿರಿ. ಕೆಳಗೆ ಬಟ್ಟಲಿಟ್ಟು ಮೊದಲು ಬೀಳುವ ನೀರಿಗೆ ಪಿಎಚ್ ಹನಿ ಹಾಕಿ. 5ಕ್ಕಿಂತ ಕೆಳಗೆ ಇಳಿದರೆ ಗಂಧಕ ಬಿಡಿ.

ಸುಮಾ, ವಾಕಡ್ (ಸೆಪ್ಟೆಂಬರ್)

ಹಳೇ ಕುಂಡದಿಂದ ತೆಗೆಯುವ ಮೊದಲು ನೋಡಿದಾಗ 7.8 ಬಂದಿತ್ತು. ಈಗ 6.4. ಎಲೆ ಪೂರ್ತಿ ಹಸಿರು. ಆಗಸ್ಟ್‌ನಲ್ಲಿ ಮೊದಲ ಹೂ ಬಿಟ್ಟಿತು, ಬಾಲ್ಕನಿಯ ಬಾಗಿಲು ತೆರೆದರೆ ಹಾಲ್‌ವರೆಗೂ ಪರಿಮಳ. ಆದರೂ ಮೂರಕ್ಕೆ ಒಂದು ಮೊಗ್ಗು ಈಗಲೂ ಬೀಳುತ್ತದೆ.

ವಸಂತಿ ಅಕ್ಕ, ಮಾಟುಂಗಾ

ತುಂಬಾ ಸಂತೋಷ ಸುಮಾ. ಆದರೆ ಆಗಸ್ಟ್‌ನಲ್ಲಿ ಹವೆಯೂ ತಂಪು ಇತ್ತು ಅಲ್ವಾ? ಗಂಧಕದಿಂದ ಬಂತೋ, ಮಳೆಯಿಂದ ಬಂತೋ?

ಗುರುರಾಜ, ಹಡಪ್ಸರ್

ಎಲೆ ಹಸಿರಾಗಿದ್ದು ನೀರು, ಮಣ್ಣು, ಕಬ್ಬಿಣದಿಂದ. ಮೊಗ್ಗು ನಿಂತದ್ದರಲ್ಲಿ ಮಳೆಯ ಪಾಲು ಎಷ್ಟು ಅನ್ನುವುದು ಬರುವ ಏಪ್ರಿಲ್‌ನಲ್ಲಿ ಗೊತ್ತಾಗಬೇಕು. ಸುಮಾ ಅವರೇ, ಸದ್ಯ ಬಿದ್ದ ಮೊಗ್ಗುಗಳನ್ನು ಮತ್ತೆ ಸೀಳಿ ನೋಡಿ. ಮಳೆಗಾಲದ ಕೊನೆಗೆ ಬಿಸಿಲು ಏರಿದಾಗ ಥ್ರಿಪ್ಸ್ ಬರುವುದುಂಟು. ಅದಾದರೆ ಗಂಧಕವೂ ಕಬ್ಬಿಣವೂ ಉಪಯೋಗಕ್ಕಿಲ್ಲ, ಬೇವಿನೆಣ್ಣೆ ಸಿಂಪಡಿಸಬೇಕು.

ಸುಮಾ, ವಾಕಡ್

ಇವತ್ತು ಬಿದ್ದ ಎರಡನ್ನು ಸೀಳಿದೆ ಸರ್. ಒಂದರಲ್ಲಿ ಏನೂ ಇಲ್ಲ. ಇನ್ನೊಂದರಲ್ಲಿ ಎಸಳಿನ ಅಂಚು ಕಂದು, ಕಾಗದದ ಮೇಲೆ ಕೊಡವಿದಾಗ ತಿಳಿ ಹಳದಿ ಬಣ್ಣದ್ದು ಒಂದು ಓಡಿತು.